ರೆಸ್ಯೂಮೆ ಇಲ್ಲದೆ ಒಂದೇ ಕ್ಲಿಕ್ಕಿನಲ್ಲಿ ಅರ್ಜಿ: ಆ ಕಡೆ ಕೂತವರಿಗೆ ಎಂತ ಕಾಣುತ್ತದೆ?

ಬದಿಯಡ್ಕ ಬಸ್ಸು

ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಆಗಿದೆ. ಬದಿಯಡ್ಕ ಹತ್ತಿರ ಅಡಿಕೆ ವ್ಯಾಪಾರಿ ಒಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಈಗ ಮಂಗಳೂರಿನಲ್ಲಿ ಅಕೌಂಟೆಂಟ್ ಕೆಲಸ ಹುಡುಕುತ್ತಿದ್ದೇನೆ.

ಲಿಂಕ್ಡ್‌ಇನ್‌ನಲ್ಲಿ `Easy Apply` ಅಂತ ಬಟನ್ ಇದೆಯಲ್ಲ, ಸಂಜೆ ಬಸ್ಸಿನಲ್ಲಿ ಕೂತು ಅದನ್ನು ಒತ್ತುವುದೇ ನನ್ನ ಕೆಲಸ. ಮೂರು ತಿಂಗಳಲ್ಲಿ ನಲವತ್ತು ಕಡೆಗೆ ಹಾಕಿದ್ದೇನೆ. ರೆಸ್ಯೂಮೆ ಬೇಕೇ ಬೇಕು ಅಂತ ಕೇಳದಿದ್ದರೆ ಹಾಕುವುದಿಲ್ಲ. ಪ್ರೊಫೈಲ್ ಹೇಗೂ ಹೋಗುತ್ತದಲ್ಲ ಅಂತ. ಒಂದೇ ಒಂದು ಫೋನ್ ಬಂದಿಲ್ಲ. ಎರಡು ಕಡೆಯಿಂದ ‘ಬೇರೆಯವರನ್ನು ಆರಿಸಿದ್ದೇವೆ’ ಅಂತ ಮೇಲ್ ಬಂತು, ಉಳಿದವು ಅದೂ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ರೆಸ್ಯೂಮೆ ಇಲ್ಲದ ಅರ್ಜಿ ಆ ಕಡೆ ತೆರೆದಾಗ ಎಂತ ಕಾಣುತ್ತದೆ? ಯಾರಾದರೂ ನೋಡುತ್ತಾರಾ?

ಕೋಡ್ ಕುಂಬಳೆ

ಯಾರೂ ನೋಡುವುದಿಲ್ಲ ಮಾರಾಯ. ಎಲ್ಲ ಸಾಫ್ಟ್‌ವೇರ್ ಓದುವುದು. ಅದು ರೆಸ್ಯೂಮೆಯಲ್ಲಿ ಕೀವರ್ಡ್ ಹುಡುಕಿ ಅಂಕ ಕೊಡುತ್ತದೆ. ರೆಸ್ಯೂಮೆಯೇ ಇಲ್ಲದಿದ್ದರೆ ಸೊನ್ನೆ. ಅಲ್ಲಿಗೆ ಕಥೆ ಮುಗಿಯಿತು. ಜಾಹೀರಾತಿನಲ್ಲಿರುವ ಪದಗಳನ್ನೆಲ್ಲ ಕಾಪಿ ಮಾಡಿ ಸ್ಕಿಲ್ಸ್‌ನಲ್ಲಿ ತುಂಬಿಸಿ ಬಿಡು.

ಹಳೇ ಮೇಷ್ಟ್ರು

ತಮ್ಮಾ, ಅರ್ಜಿ ಅಂದರೆ ಮೊದಲು ಸ್ವಂತ ಕೈಬರಹದಲ್ಲಿ ಒಂದು ಪತ್ರ ಇರಬೇಕು. ಎಸ್ಸೆಸ್ಸೆಲ್ಸಿ ಪುಸ್ತಕದ ಪ್ರತಿ, ನಡತೆ ಪತ್ರ, ಇದೆಲ್ಲ ಲಗತ್ತಿಸದೆ ಬರೀ ಫೋಟೋ ಕಳಿಸಿದರೆ ಯಾರು ಕರೆಯುತ್ತಾರೆ? ನೀನು ಕಳಿಸಿದ್ದು ಪ್ರೊಫೈಲ್ ಅಂದರೆ ಫೋಟೋ ತಾನೆ?

ಬದಿಯಡ್ಕ ಬಸ್ಸು

ಅಲ್ಲ ಸರ್, ಬರೀ ಫೋಟೋ ಅಲ್ಲ. ಓದು, ಕೆಲಸ ಎಲ್ಲ ಅದರಲ್ಲಿ ಬರೆದಿರುತ್ತದೆ. ಬಯೋಡೇಟಾ ಇದ್ದ ಹಾಗೆ.

ಪಂಪ್‌ವೆಲ್ ಅಕ್ಕ

ನಾನು ಮಂಗಳೂರಿನಲ್ಲಿ ಆರು ವರ್ಷ ಜನ ಆರಿಸುವ ಕೆಲಸ ಮಾಡಿದವಳು. ಹೆಚ್ಚಾಗಿ ಅಕೌಂಟ್ಸ್ ಮತ್ತು ಮಾರಾಟದ ಹುದ್ದೆಗಳಿಗೆ. ನನ್ನ ಸ್ಕ್ರೀನಿನಲ್ಲಿ ಕಾಣುತ್ತಿದ್ದದ್ದನ್ನು ಹೇಳುತ್ತೇನೆ.

ಎಡಕ್ಕೆ ಅರ್ಜಿ ಹಾಕಿದವರ ಪಟ್ಟಿ ಇರುತ್ತದೆ. ಒಬ್ಬೊಬ್ಬರಿಗೆ ಸಣ್ಣ ಒಂದು ಚೌಕ. ಅದರಲ್ಲಿ ಫೋಟೋ, ಹೆಸರು, ಹೆಸರಿನ ಕೆಳಗಿನ ಹೆಡ್‌ಲೈನ್ ಸಾಲು, ಊರು. ಕ್ಲಿಕ್ ಮಾಡಿದರೆ ಬಲಕ್ಕೆ ಈಗಿನ ಕೆಲಸ, ಹಿಂದಿನ ಕೆಲಸ, ಎಷ್ಟು ಕಾಲ, ಓದು, ಮತ್ತೆ ನಾವು ಕೇಳಿದ ಪ್ರಶ್ನೆಗಳಿಗೆ ನೀವು ಕೊಟ್ಟ ಉತ್ತರ. ರೆಸ್ಯೂಮೆ ಹಾಕಿದ್ದರೆ ಅದೂ ಅಲ್ಲೇ ತೆರೆದುಕೊಳ್ಳುತ್ತದೆ. ಹಾಕದಿದ್ದರೆ ಇಷ್ಟೇ. ಪೂರ್ತಿ ಪ್ರೊಫೈಲ್ ನೋಡಬೇಕಾದರೆ ಇನ್ನೊಂದು ಕ್ಲಿಕ್ ಮಾಡಬೇಕು. ಒಂದು ಅಕೌಂಟೆಂಟ್ ಹುದ್ದೆಗೆ ನೂರೈವತ್ತು ಅರ್ಜಿ ಬಂದ ದಿನ ಆ ಕ್ಲಿಕ್ಕನ್ನು ಎಲ್ಲರಿಗೂ ಮಾಡುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ.

ಕುಂಬಳೆಯವರು ಹೇಳಿದ್ದು ಅರ್ಧ ಸರಿ. ನಾನಿದ್ದ ಕಡೆ ಯಂತ್ರ ಅಂಕ ಕೊಟ್ಟು ತನ್ನಷ್ಟಕ್ಕೇ ಯಾರನ್ನೂ ಕಸದ ಬುಟ್ಟಿಗೆ ಹಾಕುತ್ತಿರಲಿಲ್ಲ. ಆದರೆ ಎರಡು ವಿಷಯ ಉಂಟು. ಒಂದು, ಪ್ರಶ್ನೆ ಕೇಳುವಾಗ ‘ಇದು ಇರಲೇಬೇಕು’ ಅಂತ ನಾವು ಗುರುತು ಮಾಡಬಹುದು. ಟ್ಯಾಲಿಯಲ್ಲಿ ಕನಿಷ್ಠ 2 ವರ್ಷ ಬೇಕು ಅಂತ ಇಟ್ಟು, ನೀವು 1 ಅಂತ ಉತ್ತರಿಸಿದರೆ ನೀವು ಬೇರೆ ಪಟ್ಟಿಗೆ ಹೋಗುತ್ತೀರಿ. ಆ ಪಟ್ಟಿಯನ್ನು ನಾನು ತೆರೆದದ್ದು ತೀರಾ ಕಡಿಮೆ. ಇನ್ನೊಂದು, ರಾಶಿ ದೊಡ್ಡದಾದಾಗ ನಾವೇ ಹುಡುಕು ಪೆಟ್ಟಿಗೆಯಲ್ಲಿ Tally, GSTR ಅಂತ ಹಾಕಿ ನೋಡುತ್ತೇವೆ. ನಿಮ್ಮ ಪ್ರೊಫೈಲಿನಲ್ಲಿ ಆ ಪದ ಎಲ್ಲೂ ಇಲ್ಲದಿದ್ದರೆ ನೀವು ಬರುವುದೇ ಇಲ್ಲ.

ನಿಮ್ಮ ಪ್ರೊಫೈಲಿನಲ್ಲಿ ಎಂತ ಬರೆದಿದ್ದೀರಿ, ಹೆಸರು ಬಿಟ್ಟು ಇಲ್ಲಿ ಹಾಕಿ ನೋಡುವ.

ಬದಿಯಡ್ಕ ಬಸ್ಸು

ಇದು ಅಕ್ಕ. ನಾಚಿಕೆ ಆಗುತ್ತದೆ.

```
Seeking Opportunities | Hard Worker | Team Player
Kasaragod, Kerala, India

Accounts Assistant      Feb 2023 - Present
Sales Executive         Jun 2018 - Present
B.Com
```

ಕೆಲಸದ ಕೆಳಗೆ ವಿವರ ಎಂತದೂ ಬರೆದಿಲ್ಲ. ಸೇಲ್ಸ್ ಅಂದರೆ ಕಾಲೇಜಿನಲ್ಲಿದ್ದಾಗ ಉಪ್ಪಳದ ಒಂದು ಬಟ್ಟೆ ಅಂಗಡಿಯಲ್ಲಿ ರಜೆಗೆ ನಿಂತದ್ದು. ಬಿಟ್ಟು ಎಷ್ಟೋ ವರ್ಷ ಆಯಿತು, ಮುಗಿದ ತಾರೀಕು ಹಾಕಲಿಲ್ಲ ಅಷ್ಟೇ.

ಪಂಪ್‌ವೆಲ್ ಅಕ್ಕ

ಅಷ್ಟೇ ಅಲ್ಲ ಮಾರಾಯ್ರೆ, ಅಲ್ಲೇ ಇರುವುದು!

ನಾನು ಇದನ್ನು ಹೇಗೆ ಓದುತ್ತೇನೆ ಕೇಳಿ. ಈತ 2018ರಿಂದ ಬಟ್ಟೆ ಅಂಗಡಿಯಲ್ಲಿ ಮಾರಾಟಕ್ಕೆ ಇದ್ದಾನೆ, ಈಗಲೂ ಇದ್ದಾನೆ. ಅದರ ಜೊತೆಗೆ 2023ರಿಂದ ಎಲ್ಲೋ ಸ್ವಲ್ಪ ಲೆಕ್ಕವೂ ನೋಡುತ್ತಾನೆ. ಅಂದರೆ ಮಾರಾಟದ ಹುಡುಗ, ಲೆಕ್ಕ ಪಾರ್ಟ್ ಟೈಮ್. ನೀವು ನಿಜವಾಗಿ ಇರುವುದಕ್ಕೆ ಪೂರಾ ಉಲ್ಟಾ.

ರೆಸ್ಯೂಮೆ ಇದ್ದಿದ್ದರೆ ಈ ಗೊಂದಲ ಅಲ್ಲೇ ಬಗೆಹರಿಯುತ್ತಿತ್ತು. ರೆಸ್ಯೂಮೆಯನ್ನು ನಾವು ಒಂದು ಕೆಲಸಕ್ಕೆ ಅಂತ ಕೂತು ಬರೆಯುತ್ತೇವೆ, ಹಳೆಯದನ್ನು ಕೆಳಗೆ ತಳ್ಳುತ್ತೇವೆ. ಪ್ರೊಫೈಲ್ ಹಾಗಲ್ಲ. ಅದು ಒಂದೊಂದು ವರ್ಷ ಒಂದೊಂದು ತುಂಡು ಸೇರಿಸಿ ಬೆಳೆದದ್ದು. ಕಾಲೇಜಿನ ಹುಡುಗ ಬರೆದ ಸಾಲು, ಈಗಿನ ಅಕೌಂಟೆಂಟ್ ಬರೆದ ಸಾಲು, ಎರಡೂ ಒಟ್ಟಿಗೆ ನನ್ನ ಎದುರು ಬರುತ್ತವೆ.

ಇನ್ನು ಹೆಡ್‌ಲೈನ್. ಅಲ್ಲಿ 220 ಅಕ್ಷರ ಜಾಗ ಉಂಟು. ಪಟ್ಟಿಯಲ್ಲಿ ಕಾಣುವುದು ಅದರ ಮೊದಲ ತುಂಡು ಮಾತ್ರ. ನಿಮ್ಮ ಮೊದಲ ತುಂಡು ಏನು? ಕೆಲಸ ಹುಡುಕುತ್ತಿದ್ದೇನೆ ಅಂತ. ಅರ್ಜಿ ಹಾಕಿದವರೆಲ್ಲ ಹುಡುಕುವವರೇ ಅಲ್ವಾ? ಅಕೌಂಟ್ಸ್ ಎಂಬ ಪದವೇ ಇಲ್ಲ.

ಒಂದು ವಿಷಯ ಕೇಳುತ್ತೇನೆ. ಅಂಗಡಿಯಲ್ಲಿ ದಿನಾ ಎಂತ ಮಾಡುತ್ತೀರಿ? ಇಂಟರ್‌ವ್ಯೂ ತರ ಬೇಡ. ಮನೆಯಲ್ಲಿ ಕೇಳಿದರೆ ಹೇಗೆ ಹೇಳುತ್ತೀರೋ ಹಾಗೆ.

ಉಪ್ಪಳ ಟು ದುಬೈ

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು ಇದರ ಉಲ್ಟಾ ಕೇಸು. ನಾನು ರೆಸ್ಯೂಮೆ ಹಾಕುವುದಿಲ್ಲ ಅಂತಲೇ ತಿಳಿದುಕೊಂಡಿದ್ದೆ. ಬಟನ್ ಒತ್ತುವುದು, ನೆಕ್ಸ್ಟ್ ನೆಕ್ಸ್ಟ್ ಅಂತ ಹೋಗುವುದು. ನಾಲ್ಕು ತಿಂಗಳಾದ ಮೇಲೆ ಒಬ್ಬರು ಕರೆದು ‘ನಿಮ್ಮ ರೆಸ್ಯೂಮೆಯಲ್ಲಿ ಊರಿನ ನಂಬರ್ ಉಂಟಲ್ಲ, ಅದು ಸ್ವಿಚ್ ಆಫ್ ಬರುತ್ತದೆ’ ಅಂದರು. ನೋಡಿದರೆ ಊರಲ್ಲಿದ್ದಾಗ ಒಮ್ಮೆ ಹಾಕಿದ ಹಳೇ ರೆಸ್ಯೂಮೆ ಅಲ್ಲೇ ಉಳಿದುಕೊಂಡಿದೆ. ಪ್ರತಿ ಅರ್ಜಿಗೂ ತಾನೇ ಟಿಕ್ ಆಗಿ ಹೋಗುತ್ತಿತ್ತು! ನಾನು ಬಿಟ್ಟು ಬಂದ ಕಂಪನಿ ಅದರಲ್ಲಿ ಇನ್ನೂ ‘ಈಗಿನ ಕೆಲಸ’.

ಬಸ್ಸಿನವರೇ, ನಿಮ್ಮದರಲ್ಲಿ ನಿಜವಾಗಿ ಹೋಗುತ್ತಿಲ್ಲವಾ ಅಂತ ಒಮ್ಮೆ ನೋಡಿ.

ಬದಿಯಡ್ಕ ಬಸ್ಸು

ನೋಡಿದೆ, ರೆಸ್ಯೂಮೆ ಇಲ್ಲ. ಆದರೆ ಬೇರೊಂದು ಸಿಕ್ಕಿತು. ಅರ್ಜಿಯ ಪ್ರಶ್ನೆಗಳಿಗೆ ಹಿಂದೆ ಕೊಟ್ಟ ಉತ್ತರಗಳನ್ನು ಉಳಿಸುವ ಸೆಟ್ಟಿಂಗ್ ಆನ್ ಇತ್ತು. ಟ್ಯಾಲಿ ಎಷ್ಟು ವರ್ಷ ಅಂತ ಕೇಳಿದ್ದಕ್ಕೆ ಮೊದಲ ಸಲ 1 ಅಂತ ಹಾಕಿದ್ದೆ. ಆಗ ಎರಡು ವರ್ಷ ತುಂಬಿರಲಿಲ್ಲ, ಸರಿಯೇ. ಆಮೇಲೆ ಅದೇ 1 ತುಂಬಿಕೊಂಡೇ ಬರುತ್ತಿತ್ತು. ನಾನು ನೋಡದೆ ನೆಕ್ಸ್ಟ್ ಒತ್ತಿದ್ದೇನೆ. ಈಗ ಎರಡು ವರ್ಷ ದಾಟಿದೆ. ಅಕ್ಕ ಹೇಳಿದ ‘ಬೇರೆ ಪಟ್ಟಿ’ಗೆ ಎಷ್ಟು ಸಲ ಹೋಗಿದ್ದೇನೋ ದೇವರಿಗೇ ಗೊತ್ತು.

ಅಂಗಡಿಯ ಕೆಲಸ ಅಂದರೆ, ಬೆಳಿಗ್ಗೆ ರೈತರು ಅಡಿಕೆ ತರುತ್ತಾರೆ. ತೂಕ, ದರ್ಜೆ ಬರೆದು ಟ್ಯಾಲಿ ಪ್ರೈಮ್‌ನಲ್ಲಿ ಖರೀದಿ ಹಾಕುತ್ತೇನೆ. ವಾರಕ್ಕೆ ಎರಡು ಲೋಡು ಮಂಗಳೂರಿಗೆ ಹೋಗುತ್ತದೆ. ತಲಪಾಡಿ ದಾಟಿದರೆ ಬೇರೆ ರಾಜ್ಯ ಅಲ್ವಾ, ಹಾಗಾಗಿ ಆ ಬಿಲ್ಲಿಗೆ ಐಜಿಎಸ್‌ಟಿ ಹಾಕಬೇಕು, ಇಲ್ಲೇ ಮಾರಿದ ಬಿಲ್ಲಿನ ಹಾಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಲ್ಲ. ಲೋಡಿನ ಬೆಲೆ 50,000 ದಾಟುವ ಕಾರಣ ಇ-ವೇ ಬಿಲ್ ಬೇಕು, ಅದನ್ನೂ ನಾನೇ ಮಾಡುವುದು. ಒಮ್ಮೆ ಲಾರಿ ನಂಬರ್ ತಪ್ಪಿ ರಾತ್ರಿ ಹತ್ತು ಗಂಟೆಗೆ ಡ್ರೈವರ್ ಫೋನ್ ಮಾಡಿದ್ದ, ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲೇ ಸರಿ ಮಾಡಿದೆ. ತಿಂಗಳ 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ. ಆಡಿಟರು ಒಮ್ಮೆ ನೋಡಿ ಫೈಲ್ ಮಾಡುತ್ತಾರೆ, ತಯಾರಿ ನನ್ನದು. ಎರಡು ಬ್ಯಾಂಕ್ ಖಾತೆಗಳ ತಾಳೆ ನೋಡುವುದೂ ನಾನೇ.

ಪಂಪ್‌ವೆಲ್ ಅಕ್ಕ

ಅಯ್ಯೋ! ಇದರಲ್ಲಿ ಒಂದು ಸಾಲೂ ಪ್ರೊಫೈಲಿನಲ್ಲಿ ಇಲ್ಲವಲ್ಲ. ಬಂದರದ ಸುತ್ತ ಕೇರಳಕ್ಕೆ ಮಾಲು ಕಳಿಸುವ ವ್ಯಾಪಾರಿಗಳು ಹುಡುಕುವುದೇ ಇಂಥವರನ್ನು. ‘Accounts Assistant’ ಅಂತ ಎರಡೇ ಪದ ಬರೆದರೆ ನಾನು ವೋಚರ್ ಜೋಡಿಸುವ ಹುಡುಗ ಅಂತಲೇ ತಿಳಿಯುವುದು.

ಹೀಗೆ ಮಾಡಿ ನೋಡಿ.

```
Accountant | Tally Prime, GST returns, e-way bills
Kasaragod, Kerala, India

Accounts Assistant      Feb 2023 - Present
Interstate arecanut sales, Kerala to Karnataka:
IGST invoices and e-way bills, about two loads a week.
Prepare GSTR-1 and GSTR-3B every month; auditor files.
Bank reconciliation for two accounts.
```

‘auditor files’ ಅನ್ನುವ ಮಾತನ್ನು ತೆಗೆಯಬೇಡಿ. ನಾನೇ ಫೈಲ್ ಮಾಡುತ್ತೇನೆ ಅಂತ ಬರೆದರೆ ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಬಟ್ಟೆ ಅಂಗಡಿಗೆ ಮುಗಿದ ತಿಂಗಳು ಹಾಕಿ. ಬೇಕಾದರೆ ತೆಗೆದೇ ಬಿಡಿ, ನನಗೆ ಎರಡೂ ಒಂದೇ.

ಆಮೇಲೆ ಕಂಪ್ಯೂಟರಿನಲ್ಲಿ ನಿಮ್ಮ ಪ್ರೊಫೈಲ್ ತೆರೆದು `Save to PDF` ಒತ್ತಿ. ಪ್ರೊಫೈಲ್ ಕಾಗದದ ರೂಪಕ್ಕೆ ಬರುತ್ತದೆ. ನಮ್ಮ ಯಜಮಾನರು ಸ್ಕ್ರೀನ್ ನೋಡುವವರಲ್ಲ, ರೆಸ್ಯೂಮೆ ಇಲ್ಲದವರದ್ದನ್ನು ನಾನು ಹಾಗೆಯೇ ಪ್ರಿಂಟ್ ತೆಗೆದು ಅವರ ಮೇಜಿಗೆ ಇಡುತ್ತಿದ್ದೆ. ಅದನ್ನೊಮ್ಮೆ ನೀವೂ ನೋಡಿ.

ಕೋಡ್ ಕುಂಬಳೆ

ಅಕ್ಕ, ಎಲ್ಲ ಕಂಪನಿ ನಿಮ್ಮ ಹಾಗೆ ಲಿಂಕ್ಡ್‌ಇನ್‌ನಲ್ಲೇ ಕೂತು ನೋಡುವುದಿಲ್ಲ. ನಮ್ಮಲ್ಲಿ ಅರ್ಜಿಗಳು ಸೀದಾ ಕಂಪನಿಯ ಸಾಫ್ಟ್‌ವೇರಿಗೆ ಬೀಳುತ್ತವೆ. ಅಲ್ಲಿ ಹುದ್ದೆ, ಕಂಪನಿ, ತಾರೀಕು ಎಲ್ಲ ಬೇರೆ ಬೇರೆ ಖಾನೆ.

ಪಂಪ್‌ವೆಲ್ ಅಕ್ಕ

ಒಪ್ಪಿದೆ. ಅಂಥ ಕಡೆ ಇನ್ನೂ ಕಷ್ಟ. ಖಾನೆಗೆ ಹೋಗುವುದು ನೀವು ಖಾನೆಯಲ್ಲಿ ಬರೆದದ್ದು ಮಾತ್ರ. ಫೋಟೋ ಹಿಂದಿನ ಬ್ಯಾನರ್‌ನಲ್ಲಿ ಚಂದ ಮಾಡಿ ‘ಟ್ಯಾಲಿ ಎಕ್ಸ್‌ಪರ್ಟ್’ ಅಂತ ಬರೆದವರನ್ನು ನೋಡಿದ್ದೇನೆ. ಅದು ಯಾವ ಖಾನೆಗೂ ಹೋಗುವುದಿಲ್ಲ. ಆದರೆ ನೀವು ಹೇಳಿದ ಹಾಗೆ ಸ್ಕಿಲ್ಸ್‌ನಲ್ಲಿ ಐವತ್ತು ಪದ ಸುರಿಯುವುದು ಬೇಡ. ಸ್ಯಾಪ್ ಅಂತ ಹಾಕಿದವರನ್ನು ಕರೆದು ಕೇಳಿದರೆ ‘ಕಾಲೇಜಿನಲ್ಲಿ ಒಂದು ದಿನದ ಸೆಮಿನಾರ್ ಇತ್ತು ಮೇಡಂ’ ಅಂದದ್ದುಂಟು.

ಬದಿಯಡ್ಕ ಬಸ್ಸು

ಪಿಡಿಎಫ್ ತೆಗೆದೆ. ನಗಬೇಡಿ. ಎಡಗಡೆ `Top Skills` ಅಂತ ಮೂರೇ ಮೂರು ಬರುತ್ತದೆ. ನನ್ನ ಮೂರು: Microsoft Word, Leadership, Dancing. ಡ್ಯಾನ್ಸ್ ಯುವಜನೋತ್ಸವದ ಕಾಲದ್ದು. ಇದನ್ನು ಯಾವ ಯಜಮಾನರ ಮೇಜಿಗೆ ಇಟ್ಟರೂ ಕಷ್ಟವೇ.

ಹಳೇ ಮೇಷ್ಟ್ರು

ಈಗ ಅರ್ಥ ಆಯಿತು. ನನ್ನ ಅಣ್ಣನ ಮಗಳದ್ದು ಒಂದು ಸಂಶಯ. ಅವಳ ಸರ್ಟಿಫಿಕೇಟಿನಲ್ಲಿ ಹೆಸರಿನ ಹಿಂದೆ ಬರೀ ಒಂದು ಇನಿಶಿಯಲ್, ನಮ್ಮ ಕೇರಳದ ಕ್ರಮ. ಆದರೆ ಈ ಪ್ರೊಫೈಲಿನಲ್ಲಿ ಕೊನೆಯ ಹೆಸರು ಬೇಕೇ ಬೇಕು ಅನ್ನುತ್ತದಂತೆ. ಅವಳು ಮನೆತನದ ಹೆಸರು ಹಾಕಿದ್ದಾಳೆ. ತೊಂದರೆ ಆಗುತ್ತದಾ?

ಪಂಪ್‌ವೆಲ್ ಅಕ್ಕ

ಸರ್, ಇನಿಶಿಯಲ್ ಒಂದೇ ಅಕ್ಷರ ಹಾಕಿದರೂ ಅದು ತೆಗೆದುಕೊಳ್ಳುತ್ತದೆ. ಸರ್ಟಿಫಿಕೇಟಿನಲ್ಲಿ ಇದ್ದ ಹಾಗೆಯೇ ಹಾಕಲಿ. ಓದುವಾಗ ಏನೂ ತೊಂದರೆ ಇಲ್ಲ. ಕೆಲಸಕ್ಕೆ ಸೇರುವಾಗ ಕಾಗದಪತ್ರ ತಾಳೆ ನೋಡುತ್ತಾರೆ, ಆಗ ಎರಡು ಹೆಸರು ಕಂಡರೆ ಸುಮ್ನೆ ರಗಳೆ.

ಬಸ್ಸಿನವರೇ, ಭಾಷೆಗಳನ್ನು ಹಾಕಿದ್ದೀರಾ? ಪಿಡಿಎಫ್‌ನಲ್ಲಿ ಎಡಗಡೆ ಅದೂ ಬರಬೇಕು.

ಬದಿಯಡ್ಕ ಬಸ್ಸು

ಹಾಕಿಲ್ಲ. ಕನ್ನಡ, ತುಳು, ಮಲಯಾಳ, ಇಂಗ್ಲಿಷ್. ಆದರೆ ನಾನು ಕನ್ನಡ ಮಾಧ್ಯಮ. ಮಲಯಾಳ ಮಾತಾಡುತ್ತೇನೆ, ಬಸ್ಸಿನ ಬೋರ್ಡ್ ಓದುತ್ತೇನೆ. ಪತ್ರ ಬರೆ ಅಂದರೆ ಆಗುವುದಿಲ್ಲ.

ಪಂಪ್‌ವೆಲ್ ಅಕ್ಕ

ಹಾಕಿ, ಹಾಕಿ. ಪಾಲಕ್ಕಾಡಿನ ಪಾರ್ಟಿಗೆ ಫೋನ್ ಮಾಡಿ ಬಾಕಿ ಕೇಳುವವರು ಸಿಗದೆ ನಾವು ಒದ್ದಾಡಿದ್ದೇವೆ. ಅಲ್ಲಿ ಪ್ರತಿ ಭಾಷೆಗೆ ಮಟ್ಟ ಆರಿಸಬಹುದು. ಮಲಯಾಳಕ್ಕೆ ಮೇಲಿನದ್ದು ಬೇಡ, `Limited working` ಆರಿಸಿ. ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ ಅನ್ನುವುದಕ್ಕೆ ಬೇರೆ ಖಾನೆ ಇಲ್ಲ. ಅದನ್ನು `About` ಭಾಗದಲ್ಲಿ ಒಂದು ಸಾಲಿನಲ್ಲಿ ಬರೆಯಿರಿ. ಮೊದಲ ಎರಡು ಮೂರು ಸಾಲಿನೊಳಗೇ ಬರಲಿ. ಉಳಿದದ್ದು ಒತ್ತಿದರೆ ಮಾತ್ರ ತೆರೆದುಕೊಳ್ಳುವುದು.

ಮಂಜೇಶ್ವರ ಎಂಕಾಂ

ಯಾರೂ ಊರಿನ ವಿಷಯ ಎತ್ತಲಿಲ್ಲವಲ್ಲ. ನನಗೆ ದೊಡ್ಡ ತೊಂದರೆ ಅದೇ. ‘Kerala’ ಅಂತ ಕಂಡ ಕೂಡಲೇ ಮಂಗಳೂರಿನವರು ಇವನು ದೂರದವನು, ರೂಮ್ ಮಾಡಬೇಕು ಅಂದುಕೊಳ್ಳುತ್ತಾರೆ. ನನ್ನ ಮನೆಯಿಂದ ಹಂಪನಕಟ್ಟೆಗೆ ಹೋಗುವಷ್ಟರಲ್ಲಿ ಮಂಗಳೂರಿನ ಎಷ್ಟೋ ಜನ ಇನ್ನೂ ಟ್ರಾಫಿಕ್ಕಿನಲ್ಲಿರುತ್ತಾರೆ. ಹಾಗಾಗಿ ನಾನು ಊರನ್ನು ಮಂಗಳೂರು ಅಂತ ಬದಲಿಸಿದೆ. ಎರಡು ವಾರದಲ್ಲಿ ಫೋನ್ ಬಂತು. ಬೇರೆ ಏನೂ ಬದಲಿಸಿರಲಿಲ್ಲ.

ಪಂಪ್‌ವೆಲ್ ಅಕ್ಕ

ನಾನು ಹಾಗೆ ಮಾಡಿ ಅಂತ ಹೇಳಲಾರೆ. ಊರಿನ ಮೇಲೆ ಫಿಲ್ಟರ್ ಹಾಕುವುದು ನಿಜ. ಆದರೆ ಪ್ರೊಫೈಲಿನಲ್ಲಿ ಮಂಗಳೂರು, ಆಧಾರ್‌ನಲ್ಲಿ ಕಾಸರಗೋಡು ಅಂತ ಕಂಡಾಗ ನನಗೆ ‘ಇನ್ನು ಎಂತೆಂತ ಬದಲಿಸಿದ್ದಾನೆ’ ಅಂತ ಅನಿಸುತ್ತಿತ್ತು. ಅದರ ಬದಲು ಹೆಡ್‌ಲೈನಿನ ಕೊನೆಗೆ, ದಿನಾ ಮಂಗಳೂರಿಗೆ ಬರಬಲ್ಲೆ ಅಂತ ಹಾಕಿ.

ಮಂಜೇಶ್ವರ ಎಂಕಾಂ

ಫಿಲ್ಟರ್ ಹಾಕಿದ ಮೇಲೆ ಹೆಡ್‌ಲೈನ್ ಓದುವುದು ಯಾರು ಅಕ್ಕ? ಪಟ್ಟಿಯಲ್ಲೇ ಇಲ್ಲದವನ ಹೆಡ್‌ಲೈನ್ ಯಾರಿಗೂ ಕಾಣುವುದಿಲ್ಲ. ನನಗಂತೂ ಇಂಟರ್‌ವ್ಯೂನಲ್ಲಿ ವಿಳಾಸ ಕೇಳಿದರು. ತಲಪಾಡಿಯಿಂದ ಇತ್ತ ಅಂದೆ. ನಕ್ಕರು, ಅಷ್ಟೇ.

ಪಂಪ್‌ವೆಲ್ ಅಕ್ಕ

ನಕ್ಕದ್ದು ನಿಮ್ಮ ಪುಣ್ಯ. ನಾನು ನಗುತ್ತಿರಲಿಲ್ಲ.

ಬದಿಯಡ್ಕ ಬಸ್ಸು

ಒಂದು ಸಂಶಯ. ಈಗ ಪ್ರೊಫೈಲ್ ಸರಿ ಮಾಡಿದರೆ, ಹಿಂದೆ ಹಾಕಿದ ನಲವತ್ತು ಅರ್ಜಿಗಳಲ್ಲೂ ಬದಲಾಗುತ್ತದಾ?

ಪಂಪ್‌ವೆಲ್ ಅಕ್ಕ

ಯಾರಾದರೂ ನಿಮ್ಮ ಹೆಸರು ಒತ್ತಿ ಪೂರ್ತಿ ಪ್ರೊಫೈಲ್ ತೆರೆದರೆ ಕಾಣುವುದು ಇವತ್ತಿನದ್ದು. ಆದರೆ ಪ್ರಶ್ನೆಗೆ ಕೊಟ್ಟ ಆ ‘1’ ಅರ್ಜಿಯ ಜೊತೆ ಹೋಗಿ ಆಗಿದೆ, ಅದು ಬದಲಾಗುವುದಿಲ್ಲ. ಕುಂಬಳೆಯವರು ಹೇಳಿದ ಹಾಗೆ ಕಂಪನಿಯ ಸಾಫ್ಟ್‌ವೇರಿಗೆ ಹೋದದ್ದೂ ಆ ದಿನದ ಪ್ರತಿಯೇ. ಅದೇ ಹುದ್ದೆಗೆ ಮತ್ತೆ ಹಾಕಲು ಬಿಡುವುದಿಲ್ಲ. ತೀರಾ ಬೇಕು ಅನಿಸಿದ ಎರಡು ಮೂರು ಕಡೆಗೆ ಮೇಲ್ ಮಾಡಿ ತಿದ್ದುಪಡಿ ತಿಳಿಸಿ. ಉಳಿದದ್ದನ್ನು ಬಿಡಿ. ಇನ್ನು ಮುಂದೆ ರೆಸ್ಯೂಮೆಗೆ ಜಾಗ ಇದ್ದರೆ ಹಾಕಿ ಮಾರಾಯ್ರೆ. ಕೇಳಲಿಲ್ಲ ಅಂದರೆ ಬೇಡ ಅಂತ ಅರ್ಥ ಅಲ್ಲ.

ಬದಿಯಡ್ಕ ಬಸ್ಸು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಅಕ್ಕ ಬರೆದುಕೊಟ್ಟ ಹಾಗೆ ಬದಲಿಸಿದೆ. ಡ್ಯಾನ್ಸ್ ತೆಗೆದೆ. ಉಳಿಸಿದ ಉತ್ತರಗಳನ್ನು ಅಳಿಸಿ ಆ ಸೆಟ್ಟಿಂಗ್ ಆಫ್ ಮಾಡಿದೆ. ಬಟ್ಟೆ ಅಂಗಡಿ ಬಿಟ್ಟ ತಿಂಗಳು ನೆನಪಿರಲಿಲ್ಲ, ಉಪ್ಪಳಕ್ಕೆ ಹೋದಾಗ ಯಜಮಾನರನ್ನೇ ಕೇಳಿದೆ. ‘ನವರಾತ್ರಿ ಸೇಲ್ ಮುಗಿಸಿ ಹೋದವ ನೀನು, ಮತ್ತೆ ಮುಖ ತೋರಿಸಲಿಲ್ಲ’ ಅಂದರು. ಹಾಗಾಗಿ 2019 ಅಕ್ಟೋಬರ್ ಅಂತ ಹಾಕಿದೆ.

ಆಮೇಲೆ ಒಂಬತ್ತು ಕಡೆ ಅರ್ಜಿ ಹಾಕಿದೆ, ಆರು ಕಡೆ ರೆಸ್ಯೂಮೆ ಸಮೇತ. ರೆಸ್ಯೂಮೆ ಹಾಕದ ಒಂದು ಕಡೆಯಿಂದಲೇ ಫೋನ್ ಬಂತು! ಮೊದಲ ಪ್ರಶ್ನೆ, ಲಾರಿ ಅರ್ಧ ದಾರಿಯಲ್ಲಿ ಕೆಟ್ಟು ಬೇರೆ ಲಾರಿಗೆ ಮಾಲು ಹಾಕಿದರೆ ಇ-ವೇ ಬಿಲ್ಲಿನಲ್ಲಿ ಎಂತ ಮಾಡುತ್ತೀರಿ ಅಂತ. ಪಾರ್ಟ್ ಬಿಯಲ್ಲಿ ಗಾಡಿ ನಂಬರ್ ಬದಲಿಸುತ್ತೇನೆ ಅಂದೆ. ಎರಡನೇ ಪ್ರಶ್ನೆ, ಕಾಸರಗೋಡಿನಿಂದ ದಿನಾ ಹೇಗೆ ಬರುತ್ತೀರಿ ಅಂತ. ಸೋಮವಾರ ನೇರ ಬರಲು ಹೇಳಿದ್ದಾರೆ.

ಮಂಜೇಶ್ವರ ಎಂಕಾಂ

ನೋಡಿದಿರಾ ಅಕ್ಕ, ಎರಡನೇ ಪ್ರಶ್ನೆ!

ಪಂಪ್‌ವೆಲ್ ಅಕ್ಕ

ಕಾಸರಗೋಡು ಅಂತ ನೋಡಿಯೇ ಕರೆದದ್ದಲ್ವಾ?

ಹಳೇ ಮೇಷ್ಟ್ರು

ಸೋಮವಾರ ಏಳು ಗಂಟೆಯ ಬಸ್ಸು ನಂಬಬೇಡ ತಮ್ಮಾ, ಅದಕ್ಕಿಂತ ಮೊದಲಿನದ್ದಕ್ಕೇ ಹೋಗು. ಸರ್ಟಿಫಿಕೇಟಿನ ಪ್ರತಿ ಎರಡೆರಡು ಇರಲಿ.